ಕಟ್ಟಿದ್ದು ಎರಡು ಸಾವಿರ, ಸಾಲ ಏರಿದ್ದೇಕೆ?

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ತೆರೆದರೆ ಮೊದಲ ಪುಟದ ಮೇಲುಭಾಗದಲ್ಲೇ ಎರಡು ಮೊತ್ತಗಳು ಕಾಣುತ್ತವೆ. ಒಂದು ‘ಟೋಟಲ್ ಅಮೌಂಟ್ ಡ್ಯೂ’, ಪೂರ್ತಿ ಬಾಕಿ. ಇನ್ನೊಂದು ‘ಮಿನಿಮಮ್ ಅಮೌಂಟ್ ಡ್ಯೂ’, ಕನಿಷ್ಠ ಬಾಕಿ. ಮೊದಲನೆಯದು ನಲವತ್ತು ಸಾವಿರ ಇದ್ದರೆ ಎರಡನೆಯದು ಎರಡು ಸಾವಿರ ಇರುತ್ತದೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾಗಿರುವವರ ಕಣ್ಣು ಎರಡನೆಯದರ ಮೇಲೆ ಹೋಗುವುದು ಸಹಜ. ಬ್ಯಾಂಕೇ ಇಷ್ಟು ಸಾಕು ಎಂದ ಮೇಲೆ ಉಳಿದದ್ದನ್ನು ಮುಂದಿನ ತಿಂಗಳು ನೋಡಿಕೊಂಡರಾಯಿತು ಅನ್ನಿಸುತ್ತದೆ. ಮುಂದಿನ ತಿಂಗಳು ಬರುವ ಸ್ಟೇಟ್‌ಮೆಂಟ್ ನೋಡಿದಾಗ ಮಾತ್ರ ಲೆಕ್ಕ ಎಲ್ಲೋ ತಪ್ಪಿದಂತೆ ಕಾಣುತ್ತದೆ. ತಪ್ಪಿರುವುದಿಲ್ಲ. ಬ್ಯಾಂಕಿನ ನಿಯಮದ ಪ್ರಕಾರ ಅದು ಸರಿಯಾಗಿಯೇ ಇರುತ್ತದೆ. ಆ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಲೆಕ್ಕ ಹಾಕಿಯೇ ನೋಡೋಣ.

ದಾವಣಗೆರೆಯ ಒಬ್ಬ ಹೈಸ್ಕೂಲು ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಅವರ ಕಾರ್ಡಿನ ಸ್ಟೇಟ್‌ಮೆಂಟ್ ಪ್ರತಿ ತಿಂಗಳ 15ರಂದು ತಯಾರಾಗುತ್ತದೆ. ಅಂದರೆ ಜೂನ್ 16ರಿಂದ ಜುಲೈ 15ರವರೆಗೆ ಮಾಡಿದ ಖರ್ಚೆಲ್ಲ ಜುಲೈ 15ರ ಪಟ್ಟಿಗೆ ಸೇರುತ್ತದೆ, ಕಟ್ಟಲು ಆಗಸ್ಟ್ 4ರವರೆಗೆ ಸಮಯವಿರುತ್ತದೆ. ಜೂನ್ 20ರಂದು ಮೇಷ್ಟ್ರು 30,000 ರೂಪಾಯಿಯ ಫ್ರಿಜ್ ತಂದರು. ಜುಲೈ 5ರಂದು ಮಕ್ಕಳ ಶಾಲೆಯ ಪುಸ್ತಕ, ಯೂನಿಫಾರ್ಮ್, ಬಸ್ಸಿನ ಫೀಸು ಎಲ್ಲ ಸೇರಿ 10,000 ರೂಪಾಯಿ ಕಾರ್ಡಿನಲ್ಲೇ ಕೊಟ್ಟರು. ಜುಲೈ 15ರ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ಬಾಕಿ 40,000, ಕನಿಷ್ಠ ಬಾಕಿ ಅದರ ನೂರಕ್ಕೆ ಐದು, ಅಂದರೆ 2,000 ರೂಪಾಯಿ ಎಂದು ಬಂತು.

ಇಲ್ಲಿಯವರೆಗೆ ಬಡ್ಡಿಯ ಸುಳಿವಿಲ್ಲ. ಆಗಸ್ಟ್ 4ರೊಳಗೆ 40,000 ಕಟ್ಟಿಬಿಟ್ಟಿದ್ದರೆ ಫ್ರಿಜ್ಜಿನ ದುಡ್ಡನ್ನು ನಲವತ್ತೈದು ದಿನ ಬಡ್ಡಿಯಿಲ್ಲದೆ ಬಳಸಿಕೊಂಡಂತಾಗುತ್ತಿತ್ತು. ಕಾರ್ಡ್ ಮಾರುವವರು ‘ಐವತ್ತು ದಿನದವರೆಗೆ ಬಡ್ಡಿ ಇಲ್ಲ’ ಎನ್ನುವುದು ಇದನ್ನೇ. ಬಿಲ್ಲಿಂಗ್ ಅವಧಿಯ ಮೊದಲ ದಿನ ಕೊಂಡರೆ ಪೂರ್ತಿ ಐವತ್ತು ದಿನ ಸಿಗುತ್ತದೆ, ಕೊನೆಯ ದಿನ ಕೊಂಡರೆ ಇಪ್ಪತ್ತೇ ದಿನ. ಆದರೆ ಈ ಸೌಲಭ್ಯಕ್ಕೆ ಒಂದು ಷರತ್ತಿದೆ. ಅದನ್ನು ದೊಡ್ಡ ಅಕ್ಷರದಲ್ಲಿ ಯಾರೂ ಹೇಳುವುದಿಲ್ಲ. ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಬಡ್ಡಿ ಮಾಫಿ. ಸ್ವಲ್ಪ ಉಳಿಸಿಕೊಂಡರೂ ಆ ಮಾಫಿ ರದ್ದಾಗುತ್ತದೆ, ಅದೂ ಹಿಂದಿನಿಂದಲೇ. ಬಡ್ಡಿ ಆಗಸ್ಟ್ 5ರಿಂದ ಶುರುವಾಗುತ್ತದೆ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ಅದು ಶುರುವಾಗುವುದು ಫ್ರಿಜ್ ಕೊಂಡ ಜೂನ್ 20ರಿಂದ.

ಮೇಷ್ಟ್ರು ಆಗಸ್ಟ್ 4ರಂದು 2,000 ಕಟ್ಟಿದರು. ಆಗಸ್ಟ್ 8ರಂದು ದಿನಸಿ, ಪೆಟ್ರೋಲ್ ಅಂತ 3,000 ರೂಪಾಯಿ ಮತ್ತೆ ಅದೇ ಕಾರ್ಡಿನಲ್ಲಿ ಖರ್ಚು ಮಾಡಿದರು. ಕಾರ್ಡಿನ ಬಡ್ಡಿ ದರ ತಿಂಗಳಿಗೆ ಶೇ 3.5. ನಮ್ಮ ಕಡೆ ಬಡ್ಡಿಯನ್ನು ವರ್ಷದ ಶೇಕಡಾ ಲೆಕ್ಕದಲ್ಲಿ ಹೇಳುವುದು ಕಡಿಮೆ, ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’, ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎನ್ನುವುದೇ ರೂಢಿ. ಆ ಲೆಕ್ಕದಲ್ಲಿ ಇದು ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಊರಲ್ಲಿ ಯಾರಾದರೂ ಈ ದರಕ್ಕೆ ಕೈಸಾಲ ಕೊಡುತ್ತೇನೆ ಎಂದರೆ ಮೇಷ್ಟ್ರು ಮನೆಯಲ್ಲಿ ಕೇಳದೆ ಒಪ್ಪುತ್ತಿರಲಿಲ್ಲ, ಕೇಳಿದ ಮೇಲಂತೂ ಒಪ್ಪುತ್ತಿರಲಿಲ್ಲ. ವರ್ಷಕ್ಕೆ ಅದು ಶೇ 42. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಸಾಮಾನ್ಯವಾಗಿ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಮಾತ್ರ ಆ ವಿನಾಯಿತಿ ಸಿಕ್ಕಿಲ್ಲ. ಹಾಗಾಗಿ ಕೈಯಿಂದ ಹೋಗುವುದು ತಿಂಗಳಿಗೆ ನೂರಕ್ಕೆ 4 ರೂಪಾಯಿ 13 ಪೈಸೆ.

ಈಗ ಆಗಸ್ಟ್ 15ರ ಸ್ಟೇಟ್‌ಮೆಂಟ್. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತದೆ. ಶೇ 42ನ್ನು 365ರಿಂದ ಭಾಗಿಸಿ, ಆಯಾ ದಿನ ಬಾಕಿ ಎಷ್ಟಿತ್ತೋ ಅದಕ್ಕೆ ಹಾಕುತ್ತಾರೆ. ಜೂನ್ 20ರಿಂದ ಜುಲೈ 4ರವರೆಗೆ, ಹದಿನೈದು ದಿನ, ಬಾಕಿ ಇದ್ದದ್ದು 30,000. ಅದರ ಬಡ್ಡಿ 518 ರೂಪಾಯಿ. ಜುಲೈ 5ರಿಂದ ಆಗಸ್ಟ್ 3ರವರೆಗೆ, ಮೂವತ್ತು ದಿನ, ಬಾಕಿ 40,000. ಅದಕ್ಕೆ 1,381. ಆಗಸ್ಟ್ 4ರಂದು 2,000 ಜಮೆಯಾದ ಮೇಲೆ 15ರವರೆಗೆ ಹನ್ನೆರಡು ದಿನ ಬಾಕಿ 38,000. ಅದಕ್ಕೆ 525. ಹೊಸದಾಗಿ ಕೊಂಡ 3,000ದ ದಿನಸಿಗೂ ಎಂಟು ದಿನಕ್ಕೆ 27 ರೂಪಾಯಿ ಚಿಲ್ಲರೆ. ಎಲ್ಲ ಕೂಡಿದರೆ ಬಡ್ಡಿ 2,451. ಜಿಎಸ್‌ಟಿ 441. ಒಟ್ಟು 2,892 ರೂಪಾಯಿ.

ಕಟ್ಟಿದ್ದು 2,000, ಬಿದ್ದದ್ದು 2,892. ಆಗಸ್ಟ್ 15ರ ಪೂರ್ತಿ ಬಾಕಿ 43,892 ರೂಪಾಯಿ. ಹೊಸ ಖರ್ಚಿನ 3,000 ತೆಗೆದು ನೋಡಿದರೂ ಹಳೆಯ ನಲವತ್ತು ಸಾವಿರದ ಸಾಲ ಕರಗುವ ಬದಲು 40,892ಕ್ಕೆ ಏರಿದೆ. ಮೇಷ್ಟ್ರು ತಮ್ಮ ಮಟ್ಟಿಗೆ ಯಾವ ತಪ್ಪನ್ನೂ ಮಾಡಿಲ್ಲ. ಕಡೇ ದಿನ ಮೀರಿಲ್ಲ, ಬ್ಯಾಂಕ್ ಕೇಳಿದ ಕನಿಷ್ಠವನ್ನು ಕೊಟ್ಟಿದ್ದಾರೆ, ಹೊಸ ಖರ್ಚನ್ನೂ ಹಿಡಿತದಲ್ಲಿಟ್ಟಿದ್ದಾರೆ.

ಆ ದಿನಸಿಯ ಬಡ್ಡಿಯನ್ನು ಇನ್ನೊಮ್ಮೆ ನೋಡಿ. ಮೊತ್ತ ಸಣ್ಣದು, ಆದರೆ ಅದು ಹೇಳುವ ಸಂಗತಿ ದೊಡ್ಡದು. ಹಳೆಯ ಬಾಕಿ ಒಂದಿಷ್ಟು ಉಳಿದಿದೆ ಎಂದಾದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಇರುವುದಿಲ್ಲ. ಬಂಕಿನಲ್ಲಿ ಕಾರ್ಡ್ ಉಜ್ಜಿದ ದಿನದಿಂದಲೇ ಆ ಪೆಟ್ರೋಲಿಗೆ ನೂರಕ್ಕೆ ಮೂರೂವರೆಯ ಮೀಟರ್ ಓಡುತ್ತದೆ. ಪ್ರತಿ ತಿಂಗಳು ಕನಿಷ್ಠ ಕಟ್ಟುತ್ತ, ಮನೆಯ ದಿನಸಿಯನ್ನೂ ಅದೇ ಕಾರ್ಡಿನಲ್ಲಿ ತರುವವರು ತೊಗರಿಬೇಳೆಗೂ ಬಡ್ಡಿ ಕೊಡುತ್ತಿರುತ್ತಾರೆ. ರಿವಾರ್ಡ್ ಪಾಯಿಂಟ್ ಬರುತ್ತದಲ್ಲ ಎಂದು ಕೆಲವರು ವಾದ ಮಾಡುತ್ತಾರೆ. ಸಾಧಾರಣ ಕಾರ್ಡುಗಳಲ್ಲಿ ನೂರು ರೂಪಾಯಿಗೆ ಒಂದು ರೂಪಾಯಿ ಮರಳಿದರೆ ಹೆಚ್ಚು. ಬಡ್ಡಿ ಹತ್ತು ದಿನದಲ್ಲಿ ಅದನ್ನು ನುಂಗಿಬಿಡುತ್ತದೆ.

ಇನ್ನೂ ವಿಚಿತ್ರವಾದದ್ದು ಒಂದಿದೆ. ಮೇಷ್ಟ್ರು ಆಗಸ್ಟ್ 4ರಂದು ಹೇಗೋ ಹೊಂದಿಸಿ 39,000 ಕಟ್ಟಿದ್ದರು, ಬರೀ ಒಂದು ಸಾವಿರ ಉಳಿಸಿಕೊಂಡಿದ್ದರು ಎಂದಿಟ್ಟುಕೊಳ್ಳಿ. ಆ ಒಂದು ಸಾವಿರಕ್ಕೆ ಮಾತ್ರ ಬಡ್ಡಿ ಬೀಳುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಬಹುತೇಕ ಬ್ಯಾಂಕುಗಳು ಲೆಕ್ಕ ಹಾಕುವ ರೀತಿಯಲ್ಲಿ ಹಾಗಾಗುವುದಿಲ್ಲ. ಆಗಸ್ಟ್ 3ರವರೆಗಿನ ನಲವತ್ತೈದು ದಿನ ಪೂರ್ತಿ ಹಣ ಬಾಕಿ ಇತ್ತಲ್ಲ, ಆ ದಿನಗಳ ಬಡ್ಡಿ ಪೂರ್ತಿಯಾಗಿಯೇ ಬರುತ್ತದೆ. ಕೊನೆಯ ಹನ್ನೆರಡು ದಿನಕ್ಕೆ ಮಾತ್ರ ಒಂದು ಸಾವಿರದ ಲೆಕ್ಕ. ಹೊಸ ಖರೀದಿ ಬಿಟ್ಟು ಹೇಳುವುದಾದರೆ ಬಡ್ಡಿ 1,912, ತೆರಿಗೆ 344, ಒಟ್ಟು 2,256 ರೂಪಾಯಿ. ಉಳಿಸಿಕೊಂಡ ಸಾವಿರಕ್ಕೆ ತೆತ್ತದ್ದು ಎರಡು ಸಾವಿರಕ್ಕೂ ಮಿಕ್ಕಿ! ಹಾಗಾಗಿ ಪೂರ್ತಿ ಕಟ್ಟುವ ಹತ್ತಿರಕ್ಕೆ ಬಂದವರು ಆ ಕೊನೆಯ ಸಾವಿರವನ್ನು ಯಾರ ಹತ್ತಿರವಾದರೂ ಕೈಗಡ ತಂದು ಕಟ್ಟುವುದೇ ಲಾಭ. ಎಟಿಎಂನಿಂದ ಕಾರ್ಡಿನಲ್ಲಿ ನಗದು ತೆಗೆದು ಕಟ್ಟಬೇಡಿ ಅಷ್ಟೆ. ನಗದಿಗೆ ಬಡ್ಡಿಯಿಲ್ಲದ ಅವಧಿ ಎಂಬುದೇ ಇಲ್ಲ, ಜತೆಗೆ ಬೇರೆ ಶುಲ್ಕವಿದೆ.

ಹಾಗಾದರೆ ಕನಿಷ್ಠ ಬಾಕಿ ಎಂಬುದು ಏಕಿದೆ? ಅದು ಒಂದು ಕೆಲಸವನ್ನು ಮಾತ್ರ ಮಾಡುತ್ತದೆ. ಅಷ್ಟು ಕಟ್ಟಿದರೆ ನಿಮ್ಮ ಖಾತೆ ಸುಸ್ತಿಯಾಗುವುದಿಲ್ಲ. ತಡ ಪಾವತಿ ಶುಲ್ಕ ಬೀಳುವುದಿಲ್ಲ, ಸಿಬಿಲ್‌ನಂಥ ಸಂಸ್ಥೆಗಳಿಗೆ ಸುಸ್ತಿದಾರ ಎಂದು ವರದಿ ಹೋಗುವುದಿಲ್ಲ, ವಸೂಲಿಯವರ ಫೋನು ಬರುವುದಿಲ್ಲ. ಆಸ್ಪತ್ರೆ, ಮದುವೆ ಅಂತ ಒಂದು ತಿಂಗಳು ನಿಜಕ್ಕೂ ಕೈ ಕಟ್ಟಿದಾಗ ಇದು ಸಣ್ಣ ಸಹಾಯವಲ್ಲ, ಏನೂ ಕಟ್ಟದೆ ಬಿಡುವುದಕ್ಕಿಂತ ಕನಿಷ್ಠ ಕಟ್ಟುವುದು ಖಂಡಿತ ಮೇಲು. ಆದರೆ ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಶುಲ್ಕ ಬೇರೆ, ಬಡ್ಡಿ ಬೇರೆ. ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ‘ಫೈನಾನ್ಸ್ ಚಾರ್ಜಸ್’ ಎಂಬ ಹೆಸರಿನಲ್ಲಿ ಬರುವುದರಿಂದ ಅದನ್ನೂ ಯಾವುದೋ ಶುಲ್ಕ ಎಂದುಕೊಂಡು ಎಷ್ಟೋ ಜನ ದಾಟಿಹೋಗುತ್ತಾರೆ.

ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಬ್ಯಾಂಕ್ ಅದನ್ನು ಸಾಮಾನ್ಯವಾಗಿ ಮೊದಲು ತೆರಿಗೆ, ಶುಲ್ಕ, ಬಡ್ಡಿಗಳಿಗೆ ಹೊಂದಿಸಿಕೊಳ್ಳುತ್ತದೆ. ಮಿಕ್ಕಿದ್ದು ಅಸಲಿಗೆ. ನೂರಕ್ಕೆ ಐದು ಕಟ್ಟುವವರ ಆ ಐದು ರೂಪಾಯಿಯಲ್ಲಿ ನಾಲ್ಕರ ಹತ್ತಿರ ತಿಂಗಳ ಬಡ್ಡಿಗೇ ಬೇಕು. ಅಸಲಿಗೆ ಸಿಗುವುದು ರೂಪಾಯಿಗಿಂತ ಸ್ವಲ್ಪ ಹೆಚ್ಚು.

ಮೇಷ್ಟ್ರ ಮೊದಲ ತಿಂಗಳ ಏರಿಕೆಗೆ ಕಾರಣ ಹಿಂದಿನಿಂದ ಬಿದ್ದ ಬಡ್ಡಿ. ಎರಡು ತಿಂಗಳ ಹತ್ತಿರದ ಬಡ್ಡಿ ಒಂದೇ ಸ್ಟೇಟ್‌ಮೆಂಟಿಗೆ ಬಂದು ಕೂತಿತು. ಅದನ್ನು ಬದಿಗಿಟ್ಟು ಆಮೇಲಿನ ತಿಂಗಳುಗಳು ಹೇಗೆ ಸಾಗುತ್ತವೆ ನೋಡೋಣ. ಗ್ರಾಹಕನಿಗೆ ಅನುಕೂಲವಾಗುವಂತೆಯೇ ಲೆಕ್ಕ ಹಾಕುತ್ತೇನೆ. ಬಾಕಿ 40,000 ಇದೆ, ಸ್ಟೇಟ್‌ಮೆಂಟ್ ಬಂದ ದಿನವೇ ಶೇ 5 ಕಟ್ಟುತ್ತಾರೆ, ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಒಂದು ರೂಪಾಯಿಯ ಹೊಸ ಖರ್ಚೂ ಇಲ್ಲ. ಮೊದಲ ತಿಂಗಳು 2,000 ಕಟ್ಟಿದರು, ಉಳಿದದ್ದು 38,000. ಅದಕ್ಕೆ ತಿಂಗಳ ಬಡ್ಡಿ 1,330, ತೆರಿಗೆ 239. ಮುಂದಿನ ಬಾಕಿ 39,569. ಎರಡು ಸಾವಿರ ಕಟ್ಟಿ ಸಾಲ ಇಳಿದದ್ದು 431 ರೂಪಾಯಿ.

ಮುಂದಿನ ತಿಂಗಳ ಕನಿಷ್ಠ ಬಾಕಿ 1,978. ಅದರ ಮುಂದಿನದು 1,957. ಬ್ಯಾಂಕ್ ಕೇಳುವ ಮೊತ್ತ ತಿಂಗಳು ತಿಂಗಳು ಕಡಿಮೆಯಾಗುತ್ತ ಹೋಗುತ್ತದೆ, ನೋಡುವವರಿಗೆ ಭಾರ ಇಳಿದಂತೆ ಕಾಣುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಬಾಕಿ ಇಳಿದಷ್ಟೂ ಕಂತೂ ಇಳಿಯುತ್ತದೆ, ಕಂತು ಇಳಿದಷ್ಟೂ ಬಾಕಿ ಇಳಿಯುವ ವೇಗ ಕುಗ್ಗುತ್ತದೆ. ಈ ಲೆಕ್ಕದಲ್ಲಿ 40,000ದ ಸಾಲ ಅರ್ಧಕ್ಕೆ, ಅಂದರೆ 20,000ಕ್ಕೆ ಇಳಿಯಲು 64 ತಿಂಗಳು ಬೇಕು. ಐದು ವರ್ಷ ನಾಲ್ಕು ತಿಂಗಳು. ಅಷ್ಟರಲ್ಲಿ ಮೇಷ್ಟ್ರು ಕಟ್ಟಿರುವುದು ಹತ್ತಿರ ಹತ್ತಿರ 93,000 ರೂಪಾಯಿ. ಫ್ರಿಜ್ಜಿನ ವಾರಂಟಿ ಮುಗಿದಿರುತ್ತದೆ, ಮಗ ಆ ಯೂನಿಫಾರ್ಮಿನ ಅಳತೆಯನ್ನು ಯಾವತ್ತೋ ಮೀರಿರುತ್ತಾನೆ, ಇನ್ನೂ ಇಪ್ಪತ್ತು ಸಾವಿರ ಸಾಲ ಇರುತ್ತದೆ.

ಇದೇ ಮೇಷ್ಟ್ರು ಕೇಳಿದಷ್ಟನ್ನು ಕೊಡದೆ, ಕನಿಷ್ಠ ಎಷ್ಟಕ್ಕೇ ಇಳಿಯಲಿ, ತಾವು ಮಾತ್ರ ತಿಂಗಳಿಗೆ 2,000ವನ್ನೇ ಕಟ್ಟುತ್ತ ಹೋದರೆ? ಮೊದಲ ತಿಂಗಳಿಗೆ ಯಾವ ವ್ಯತ್ಯಾಸವೂ ಇಲ್ಲ, ಎರಡನೆಯ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ಹೆಚ್ಚು. ಆದರೂ ಸಾಲ 39 ತಿಂಗಳಲ್ಲಿ ಪೂರ್ತಿ ತೀರುತ್ತದೆ. ಒಟ್ಟು ಕಟ್ಟುವುದು ಸುಮಾರು 77,900. ತಿಂಗಳಿಗೆ 4,000 ಕಟ್ಟಲು ಸಾಧ್ಯವಾದರೆ ಹದಿಮೂರನೆಯ ತಿಂಗಳಿಗೆ ಮುಗಿಯುತ್ತದೆ, ಒಟ್ಟು 50,000ದೊಳಗೆ. ಕಂತು ಎರಡರಷ್ಟಾಯಿತು, ಬಡ್ಡಿ ಸುಮಾರು 37,900ರಿಂದ ಹತ್ತು ಸಾವಿರಕ್ಕೆ ಇಳಿಯಿತು. ಕಾರ್ಡಿನ ಸಾಲ ಇರುವವರು ಬ್ಯಾಂಕ್ ಕೇಳುವ ಕನಿಷ್ಠವನ್ನು ಮರೆತು, ತಮ್ಮದೇ ಒಂದು ಮೊತ್ತವನ್ನು ಗೊತ್ತು ಮಾಡಿಕೊಂಡು ಅದನ್ನು ಇಳಿಸದೆ ಕಟ್ಟಬೇಕು ಎನ್ನುವುದು ಇದಕ್ಕಾಗಿ.

ಎಲ್ಲ ಬ್ಯಾಂಕುಗಳ ಕನಿಷ್ಠ ಬಾಕಿಯ ಸೂತ್ರ ಒಂದೇ ಅಲ್ಲ. ಕೆಲವು ಒಟ್ಟು ಬಾಕಿಯ ಶೇ 5 ಕೇಳುತ್ತವೆ. ಕೆಲವು ಆ ತಿಂಗಳ ಬಡ್ಡಿ, ತೆರಿಗೆ, ಶುಲ್ಕ ಪೂರ್ತಿ ಸೇರಿಸಿ, ಅದರ ಮೇಲೆ ಉಳಿದ ಬಾಕಿಯ ಶೇ 2 ಕೇಳುತ್ತವೆ. ಇಎಂಐ ಇದ್ದರೆ ಆ ತಿಂಗಳ ಕಂತು ಪೂರ್ತಿಯಾಗಿ ಕನಿಷ್ಠ ಬಾಕಿಗೆ ಸೇರುತ್ತದೆ. ಎರಡನೆಯ ಸೂತ್ರದ ಬ್ಯಾಂಕಾಗಿದ್ದರೆ ಮೇಷ್ಟ್ರ ಆಗಸ್ಟ್ ತಿಂಗಳ ಕನಿಷ್ಠ ಬಾಕಿ 2,892ಕ್ಕೆ 820 ಸೇರಿ 3,712 ಆಗುತ್ತಿತ್ತು. ‘ಹೋದ ಸಲ ಕಡಿಮೆ ಇತ್ತಲ್ಲ, ಈ ಸಲ ಇಷ್ಟೇಕೆ’ ಎಂಬ ಸಿಟ್ಟು ಬರುವುದು ಇಂಥಲ್ಲಿ. ನೋಡಲು ಕಠಿಣವಾದರೂ ಗ್ರಾಹಕನಿಗೆ ಇದು ಕೊಂಚ ಒಳ್ಳೆಯದು, ಏಕೆಂದರೆ ಅಸಲು ತಿಂಗಳಿಗೆ ನೂರಕ್ಕೆ ಎರಡಾದರೂ ಇಳಿಯುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿ, ಕನಿಷ್ಠ ಕಟ್ಟುತ್ತಲೇ ಸಾಲ ಬೆಳೆಯುತ್ತ ಹೋಗುವಂತೆ ಷರತ್ತುಗಳಿರಬಾರದು ಎಂದು ಹೇಳಿದೆ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೂ ಬಡ್ಡಿ ಹಾಕಬಾರದು ಎಂದೂ ಇದೆ. ಕನಿಷ್ಠ ಮಾತ್ರ ಕಟ್ಟುತ್ತ ಹೋದರೆ ಮರುಪಾವತಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ, ಚಕ್ರಬಡ್ಡಿ ಬೀಳುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿ ಸ್ಟೇಟ್‌ಮೆಂಟಿನಲ್ಲೂ ಎದ್ದುಕಾಣುವಂತೆ ಮುದ್ರಿಸಬೇಕೆಂಬ ನಿಯಮವೂ ಅಲ್ಲಿನದೇ. ನಿಮ್ಮ ಸ್ಟೇಟ್‌ಮೆಂಟಿನಲ್ಲೂ ಅದು ಇರುತ್ತದೆ. ಸಿಗರೇಟು ಪ್ಯಾಕಿನ ಮೇಲಿನ ಚಿತ್ರವನ್ನು ಸೇದುವವರು ನೋಡುವಷ್ಟೇ ನಾವು ಅದನ್ನು ನೋಡುತ್ತೇವೆ.

ದರಕ್ಕೆ ಮಿತಿಯಿಲ್ಲವೇ ಎಂದು ಕೇಳಬಹುದು. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಮೇಲ್ಮನವಿ ಹೋದವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹೀಗಾಗಿ ದರ ಎಷ್ಟೆಂಬುದನ್ನು ಕಾರ್ಡ್ ಪಡೆಯುವಾಗ ಬ್ಯಾಂಕ್ ಕೊಡುವ ‘ಅತಿ ಮುಖ್ಯ ಷರತ್ತುಗಳು’ ಎಂಬ ಕಾಗದದಲ್ಲೇ ನೋಡಿಕೊಳ್ಳಬೇಕು. ಕನಿಷ್ಠ ಕಟ್ಟಿದರೆ ಬಡ್ಡಿ ಹೇಗೆ ಬೀಳುತ್ತದೆ ಎಂಬುದಕ್ಕೆ ಅಂಕಿಗಳ ಸಮೇತ ಒಂದು ಉದಾಹರಣೆಯನ್ನು ಅದರಲ್ಲಿ ಕೊಡಲೇಬೇಕು. ನಲವತ್ತು ಪುಟದ ಕಾಗದದಲ್ಲಿ ಬೇರೇನನ್ನು ಓದದಿದ್ದರೂ ಆ ಉದಾಹರಣೆಯನ್ನು ಓದಿ, ನಿಮ್ಮ ಬ್ಯಾಂಕ್ ಬಡ್ಡಿಯನ್ನು ಎಲ್ಲಿಂದ ಎಣಿಸುತ್ತದೆ ಎಂದು ತಿಳಿಯುವುದು ಅಲ್ಲಿಯೇ.

ಬೇಕೆಂದೇ ಕನಿಷ್ಠ ಕಟ್ಟುವವರಲ್ಲದೆ, ಗೊತ್ತಿಲ್ಲದೆ ಕಟ್ಟುವವರೂ ಇದ್ದಾರೆ. ಉಳಿತಾಯ ಖಾತೆಯಿಂದ ತಾನೇ ಹಣ ಹೋಗಲಿ ಎಂದು ಆಟೋ ಡೆಬಿಟ್‌ಗೆ ಸಹಿ ಹಾಕುವಾಗ ‘ಟೋಟಲ್’, ‘ಮಿನಿಮಮ್’ ಎಂಬ ಎರಡು ಆಯ್ಕೆ ಇರುತ್ತದೆ. ಅರ್ಜಿ ತುಂಬಿಸಿಕೊಳ್ಳುವವರು ಆತುರದಲ್ಲಿ ಎರಡನೆಯದಕ್ಕೆ ಗುರುತು ಹಾಕಿರುತ್ತಾರೆ. ಪ್ರತಿ ತಿಂಗಳು ಖಾತೆಯಿಂದ ಹಣ ಹೋದ ಮೆಸೇಜು ಬರುತ್ತದೆ, ಕಾರ್ಡಿನ ಬಿಲ್ಲು ತೀರಿತು ಎಂದು ನೆಮ್ಮದಿಯಿಂದಿರುತ್ತಾರೆ. ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದೂ ನೂರಕ್ಕೆ ಮೂರೂವರೆ ಬಡ್ಡಿ ತೆರುವ ಪ್ರಸಂಗ ಇದು. ಪತ್ತೆ ಹಚ್ಚುವುದು ಸುಲಭ. ಸ್ಟೇಟ್‌ಮೆಂಟಿನಲ್ಲಿ ‘ಹಿಂದಿನ ಬಾಕಿ’ ಎಂಬ ಮೊತ್ತದ ಪಕ್ಕದಲ್ಲಿ ‘ಪಾವತಿ, ಜಮೆ’ ಎಂಬ ಮೊತ್ತ ಇರುತ್ತದೆ. ಎರಡೂ ಸರಿಸಮ ಇದ್ದರೆ ಚಿಂತೆಯಿಲ್ಲ. ಎರಡನೆಯದು ಚಿಕ್ಕದಿದ್ದು, ಕೆಳಗೆ ಫೈನಾನ್ಸ್ ಚಾರ್ಜಸ್ ಎದುರು ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಆಟೋ ಡೆಬಿಟ್‌ನ ಆಯ್ಕೆಯನ್ನು ಅವತ್ತೇ ಬದಲಿಸಬೇಕು.

ಮೇಷ್ಟ್ರ ಕಥೆಗೆ ಬರೋಣ. ಆಗಸ್ಟ್ 15ರ ಸ್ಟೇಟ್‌ಮೆಂಟ್ ಕೈಯಲ್ಲಿದೆ, 43,892 ಬಾಕಿ. ಸಂಬಳದಲ್ಲಿ ಒಮ್ಮೆಗೇ ಕಟ್ಟುವಂತಿಲ್ಲ. ಅವರು ಮಾಡಬಹುದಾದ ಮೊದಲ ಕೆಲಸ ಈ ಸಾಲವನ್ನು ಕಡಿಮೆ ಬಡ್ಡಿಯ ಇನ್ನೊಂದು ಸಾಲಕ್ಕೆ ಸಾಗಿಸುವುದು. ನೌಕರರ ಪತ್ತಿನ ಸಹಕಾರ ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಸಾಲ ಸಿಕ್ಕಿತು ಅನ್ನಿ. ಹನ್ನೆರಡು ಕಂತು, ತಿಂಗಳಿಗೆ 3,900. ವರ್ಷದ ಬಡ್ಡಿ ಎಲ್ಲ ಸೇರಿ ಸುಮಾರು 2,900 ರೂಪಾಯಿ. ಕಾರ್ಡ್ ಒಂದೇ ಸ್ಟೇಟ್‌ಮೆಂಟಿನಲ್ಲಿ ತೆಗೆದುಕೊಂಡದ್ದೂ ಅಷ್ಟನ್ನೇ. ಚಿನ್ನದ ಸಾಲವಾಗಲಿ, ಬ್ಯಾಂಕಿನ ವೈಯಕ್ತಿಕ ಸಾಲವಾಗಲಿ ಕಾರ್ಡಿನ ಬಡ್ಡಿಗಿಂತ ಅಗ್ಗವೇ. ಕಾರ್ಡ್ ಕಂಪನಿಯೇ ಬಾಕಿಯನ್ನು ಇಎಂಐಗೆ ಬದಲಿಸಿಕೊಡುತ್ತದೆ, ಅದರ ದರವೂ ಶೇ 42ಕ್ಕಿಂತ ಬಹಳ ಕೆಳಗಿರುತ್ತದೆ. ಆದರೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ಇಎಂಐ ಬಡ್ಡಿಗೆ ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಬೇಕು. ಇದನ್ನು ಮಾಡಲು ಒಳ್ಳೆಯ ಸಮಯ ಮೊದಲ ಸ್ಟೇಟ್‌ಮೆಂಟಿನ ಕಡೇ ದಿನಕ್ಕೆ ಮುಂಚೆ, ಅಂದರೆ ಆಗಸ್ಟ್ 4ರೊಳಗೆ. ಆಗ ಹಿಂದಿನಿಂದ ಬೀಳುವ ಆ 2,892ರಿಂದಲೇ ತಪ್ಪಿಸಿಕೊಳ್ಳಬಹುದಿತ್ತು.

ಸಾಲ ಸಿಕ್ಕ ಮೇಲೆ ಕಡೇ ದಿನಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಪೂರ್ತಿ ಕಟ್ಟುವವರಿಗೆ ಕಡೇ ದಿನವೂ ಒಂದೇ, ಮೊದಲ ದಿನವೂ ಒಂದೇ. ಬಾಕಿ ಉಳಿಸಿಕೊಂಡವರಿಗೆ ಹಾಗಲ್ಲ, ಬಡ್ಡಿ ದಿನದ ಲೆಕ್ಕದ್ದು. ನಲವತ್ತು ಸಾವಿರಕ್ಕೆ ತೆರಿಗೆ ಸೇರಿ ದಿನಕ್ಕೆ 54 ರೂಪಾಯಿ. ಮೇಷ್ಟ್ರು ಆಗಸ್ಟ್ 20ರಂದು 43,892 ಕಟ್ಟಿದರೆ ಮುಂದಿನ ಪಟ್ಟಿಯಲ್ಲಿ ಬರುವ ಬಡ್ಡಿ ಇನ್ನೂರು ಚಿಲ್ಲರೆ. ಸೆಪ್ಟೆಂಬರ್ 4ರವರೆಗೆ ಕಾದರೆ ಸಾವಿರ ದಾಟುತ್ತದೆ.

ಪೂರ್ತಿ ಕಟ್ಟಿದ ಮೇಲೂ ಬಡ್ಡಿಯೇ ಎಂದು ಇಲ್ಲಿ ಎಷ್ಟೋ ಜನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳಕ್ಕಿಳಿಯುತ್ತಾರೆ. ಸ್ಟೇಟ್‌ಮೆಂಟ್ ತಯಾರಾದದ್ದು ಆಗಸ್ಟ್ 15ಕ್ಕೆ. ಅದರಲ್ಲಿ ಅವತ್ತಿನವರೆಗಿನ ಬಡ್ಡಿ ಮಾತ್ರ ಇದೆ. 16ರಿಂದ ಹಣ ಜಮೆಯಾದ ದಿನದವರೆಗಿನ ಬಡ್ಡಿ ಸೆಪ್ಟೆಂಬರ್ 15ರ ಪಟ್ಟಿಗೆ ಬರುತ್ತದೆ. ಅದನ್ನು ತಪ್ಪೆಂದು ಕಟ್ಟದೆ ಬಿಟ್ಟರೆ ಆ ಇನ್ನೂರು ರೂಪಾಯಿಯೇ ಹೊಸ ಬಾಕಿಯಾಗುತ್ತದೆ, ಕಡೇ ದಿನ ಮೀರಿ ಮೂರು ದಿನಕ್ಕೂ ಹೆಚ್ಚು ಕಾಲ ಉಳಿದರೆ ತಡ ಪಾವತಿ ಶುಲ್ಕವೂ ಸೇರಿಕೊಳ್ಳುತ್ತದೆ. ಮೇಷ್ಟ್ರು ಸೆಪ್ಟೆಂಬರ್ ಪಟ್ಟಿಯ ಆ ಚಿಲ್ಲರೆಯನ್ನೂ ಕಟ್ಟಿ, ಅಲ್ಲಿಯವರೆಗೆ ಕಾರ್ಡನ್ನು ಹೊಸ ಖರ್ಚಿಗೆ ಮುಟ್ಟದೆ ಇದ್ದು, ಅಕ್ಟೋಬರ್ 15ರ ಸ್ಟೇಟ್‌ಮೆಂಟಿನಲ್ಲಿ ಫೈನಾನ್ಸ್ ಚಾರ್ಜಸ್ ಎದುರು ಸೊನ್ನೆ ಇರುವುದನ್ನು ಕಣ್ಣಾರೆ ನೋಡಬೇಕು. ಬಡ್ಡಿಯಿಲ್ಲದ ಅವಧಿ ಮರಳಿ ಬಂದಿದೆ ಎಂಬುದಕ್ಕೆ ಗುರುತು ಆ ಸೊನ್ನೆ. ಕೆಲವು ಬ್ಯಾಂಕುಗಳಲ್ಲಿ ಅದು ಒಂದು ತಿಂಗಳು ತಡವಾಗಿಯೂ ಬರುತ್ತದೆ. ಅದು ಕಾಣುವವರೆಗೆ ಪೆಟ್ರೋಲು, ದಿನಸಿಗೆ ಯುಪಿಐ ಅಥವಾ ಡೆಬಿಟ್ ಕಾರ್ಡ್ ಇದೆ.